ಶೇಕ್ಸ್‌ಪಿಯರನ ಬೈಗುಳ: ಒಬ್ಬನಿಗಾಗಿಯೇ ಹೊಲಿದದ್ದು, ಊರಿಗೆಲ್ಲ ಹಂಚಿದ್ದು

ಶೇಕ್ಸ್‌ಪಿಯರನ ಹೆಸರಿನಲ್ಲಿ ಒಂದು ಬೈಗುಳದ ಪಟ್ಟಿ ಬಹಳ ಕಾಲದಿಂದ ಓಡಾಡುತ್ತಿದೆ. ಅದರಲ್ಲಿ ಮೂರು ಸಾಲು ಪದಗಳಿವೆ. ಒಂದೊಂದು ಸಾಲಿನಿಂದ ಒಂದೊಂದು ಪದ ಎತ್ತಿ ಜೋಡಿಸಿದರೆ ಬೈಗುಳ ರೆಡಿ. ಇಂಗ್ಲಿಷ್ ಪಾಠ ಮಾಡುವವರು ಮಕ್ಕಳಿಗೆ ಇದನ್ನು ಆಟದ ಹಾಗೆ ಆಡಿಸುತ್ತಾರೆ. ಮಜಾ ಇದೆ, ಇಲ್ಲ ಅನ್ನಲ್ಲ. ಆದರೆ ಅವನ ನಾಟಕಗಳಲ್ಲಿ ಬೈಗುಳ ನಡೆಯುವ ರೀತಿಗೆ ಇದು ಪೂರ್ತಿ ಉಲ್ಟಾ. ಹಾಗೆ ಎತ್ತಿ ಜೋಡಿಸಿದ ಮಾತನ್ನು ಯಾರ ಮೇಲೆ ಬೇಕಾದರೂ ಎಸೆಯಬಹುದು. ಅವನ ಒಳ್ಳೆಯ ಬೈಗುಳವನ್ನು ಮಾತ್ರ ಒಬ್ಬನ ಮೇಲಷ್ಟೇ ಎಸೆಯಲು ಸಾಧ್ಯ. ಇನ್ನೊಬ್ಬನಿಗೆ ಅದು ಹೊಂದುವುದೇ ಇಲ್ಲ.

ಇದು ಚೆನ್ನಾಗಿ ಕಾಣುವುದು ‘ಕಿಂಗ್ ಲಿಯರ್’ ನಾಟಕದ ಎರಡನೇ ಅಂಕದಲ್ಲಿ. ಬೈಯುವವನು ಕೆಂಟ್. ಮೊದಲು ದೊಡ್ಡ ಸರದಾರನಾಗಿದ್ದ. ರಾಜನಿಗೆ ಬುದ್ಧಿ ಹೇಳಲು ಹೋಗಿ ಗಡೀಪಾರಾದ. ಈಗ ವೇಷ ಮರೆಸಿಕೊಂಡು ಅದೇ ರಾಜನ ಹತ್ತಿರ ಆಳಾಗಿ ಸೇರಿದ್ದಾನೆ. ಬೈಸಿಕೊಳ್ಳುವವನು ಆಸ್ವಾಲ್ಡ್, ರಾಜನ ಹಿರಿಮಗಳ ಮನೆಯ ಪಾರುಪತ್ಯಗಾರ. ಇವರಿಬ್ಬರ ಜಗಳಕ್ಕೆ ಒಂದು ಹಿನ್ನೆಲೆ ಇದೆ. ಮೊದಲನೇ ಅಂಕದಲ್ಲಿ ಮುದಿ ರಾಜ ಆಸ್ವಾಲ್ಡ್‌ನನ್ನು ನಿಲ್ಲಿಸಿ, ‘ನಾನು ಯಾರಯ್ಯಾ?’ ಎಂದು ಕೇಳುತ್ತಾನೆ. ಅವನು ತಣ್ಣಗೆ, ‘ನಮ್ಮ ಯಜಮಾನಿಯವರ ತಂದೆ’ ಅನ್ನುತ್ತಾನೆ. ಅಷ್ಟೇ. ಅದರಲ್ಲಿ ಕೆಟ್ಟ ಪದ ಒಂದೂ ಇಲ್ಲ, ಹೇಳಿದ್ದು ಸುಳ್ಳೂ ಅಲ್ಲ. ರಾಜ ಅನ್ನುವ ಮಾತನ್ನು ಅವನು ಸುಮ್ನೆ ಬಿಟ್ಟುಬಿಟ್ಟ. ನನ್ನ ಲೆಕ್ಕದಲ್ಲಿ ಇಡೀ ನಾಟಕದ ಅತಿ ಕ್ರೂರ ಬೈಗುಳ ಅದೇ. ಆಗ ಕೆಂಟ್ ಅವನಿಗೆ ಕಾಲು ಕೊಟ್ಟು ಬೀಳಿಸಿ ಆಚೆ ಅಟ್ಟಿದ್ದ.

ಎರಡನೇ ಅಂಕದಲ್ಲಿ ಇಬ್ಬರೂ ಬೆಳಕು ಹರಿಯುವ ಮೊದಲು ಒಂದು ಮನೆಯ ಮುಂದೆ ಎದುರಾಗುತ್ತಾರೆ. ಆಸ್ವಾಲ್ಡ್‌ಗೆ ಗುರುತು ಸಿಗುವುದಿಲ್ಲ. ಕುದುರೆ ಎಲ್ಲಿ ಕಟ್ಟಲಿ ಎಂದು ಕೇಳುತ್ತಾನೆ. ‘ಕೆಸರಿನಲ್ಲಿ’ ಅನ್ನುತ್ತಾನೆ ಕೆಂಟ್. ಮಾತಿಗೆ ಮಾತು ಬೆಳೆದು ಕೊನೆಗೆ ಆಸ್ವಾಲ್ಡ್, ‘ನನ್ನನ್ನು ಯಾರು ಅಂದುಕೊಂಡಿದ್ದೀಯ?’ ಎಂದು ಕೇಳಿಬಿಡುತ್ತಾನೆ. ಕೇಳಬಾರದಿತ್ತು. ಕೆಂಟ್ ಶುರು ಮಾಡುತ್ತಾನೆ. ಕನ್ನಡದಲ್ಲಿ ಸುಮಾರಾಗಿ ಹೀಗೆ:

‘ಕೇಡಿ, ಪೋಕರಿ, ಮಿಕ್ಕಿದ್ದು ತಿಂದು ಬದುಕುವವನು. ಕೀಳು, ಜಂಬದ, ಟೊಳ್ಳು, ತಿರುಪೆಯ, ಮೂರು ಜೊತೆ ಬಟ್ಟೆಯ, ನೂರು ಪೌಂಡಿನ, ಕೊಳಕು ಉಣ್ಣೆ ಕಾಲುಚೀಲದ ಕೇಡಿ. ರಕ್ತವಿಲ್ಲದ ಪಿತ್ತಜನಕಾಂಗದ, ಕೋರ್ಟಿಗೆ ಓಡುವ, ಸೂಳೆಗೆ ಹುಟ್ಟಿದ, ಕನ್ನಡಿ ಬಿಟ್ಟೇಳದ, ಕೇಳದಿದ್ದರೂ ಸೇವೆಗೆ ಬೀಳುವ, ನಾಜೂಕಿನ ಖದೀಮ. ಒಂದೇ ಪೆಟ್ಟಿಗೆಯ ಆಸ್ತಿಯ ಗುಲಾಮ…’

ಇಷ್ಟಕ್ಕೇ ನಿಲ್ಲುವುದಿಲ್ಲ. ಬೀದಿನಾಯಿಯ ಮಗನೂ ವಾರಸುದಾರನೂ ಆದವನು ಅನ್ನುತ್ತಾನೆ. ಕೊನೆಗೆ, ಈ ಬಿರುದುಗಳಲ್ಲಿ ಒಂದೇ ಒಂದು ಅಕ್ಷರ ಇಲ್ಲ ಅಂದೆಯೋ, ಕುಯ್ಯೋ ಅನ್ನುವ ಹಾಗೆ ಬಡಿಯುತ್ತೇನೆ ಎಂದು ಮುಗಿಸುತ್ತಾನೆ. ಗಮನಿಸಿ, ಅವನು ಬಳಸುವುದು ಬಿರುದು ಅನ್ನುವ ಅರ್ಥದ ಮಾತನ್ನೇ. ಅಂದರೆ ಇದು ಬರೀ ಸಿಟ್ಟಿನ ಸುರಿಮಳೆ ಅಲ್ಲ. ದರ್ಬಾರಿನಲ್ಲಿ ದೊಡ್ಡವರು ಬಂದಾಗ ಬಹುಪರಾಕ್ ಹೇಳುತ್ತಾರಲ್ಲ, ಆ ಬಿರುದಾವಳಿಯನ್ನೇ ತಲೆಕೆಳಗು ಮಾಡಿದ್ದು. ವಾರಸುದಾರ, ಆಸ್ತಿ ಎರಡೂ ಅದರಲ್ಲಿವೆ. ಏನು ಆಸ್ತಿ ಅಂದರೆ ಒಂದು ಪೆಟ್ಟಿಗೆ. ಯಾರ ವಾರಸುದಾರ ಅಂದರೆ ನಾಯಿಯ.

ಇನ್ನು ಒಂದೊಂದು ಮಾತನ್ನೂ ಬಿಡಿಸಿ ನೋಡಿ. ಆ ಕಾಲದಲ್ಲಿ ದೊಡ್ಡ ಮನೆಯ ಆಳುಗಳಿಗೆ ವರ್ಷಕ್ಕೆ ಇಂತಿಷ್ಟು ಜೊತೆ ಬಟ್ಟೆ ಎಂದು ಕೊಡುತ್ತಿದ್ದರು. ಮೂರು ಜೊತೆ ಅನ್ನುವುದು ಆಳಿನ ಅಳತೆ. ಕುಲೀನರ ಕಾಲಿಗೆ ರೇಷ್ಮೆ ಕಾಲುಚೀಲ, ಆಳಿನ ಕಾಲಿಗೆ ಉಣ್ಣೆಯದು. ಮಿಕ್ಕಿದ್ದು ತಿನ್ನುವವನು ಅಂದರೆ ಯಜಮಾನರ ಮೇಜಿನಿಂದ ಹಿಂದೆ ಬಂದದ್ದರಲ್ಲಿ ಊಟ ಮುಗಿಸುವವನು. ಧೈರ್ಯ ಹುಟ್ಟುವುದು ಪಿತ್ತಜನಕಾಂಗದ ರಕ್ತದಿಂದ ಎಂದು ಆಗ ನಂಬಿದ್ದರು, ಅದು ಬಿಳುಚಿದ್ದರೆ ಅವನು ಪುಕ್ಕಲ. ಕೋರ್ಟಿಗೆ ಓಡುವವನು ಅಂದರೆ ಯಾರಾದರೂ ಹೊಡೆದರೆ ತಿರುಗಿ ನಿಲ್ಲದೆ ವಕೀಲರ ಹತ್ತಿರ ಹೋಗುವವನು. ನೂರು ಪೌಂಡಿನ ಮಾತು ಇನ್ನೂ ಚುರುಕು. ಹೊಸದಾಗಿ ಪಟ್ಟಕ್ಕೆ ಬಂದಿದ್ದ ಒಂದನೇ ಜೇಮ್ಸ್ ದೊರೆ ನೈಟ್ ಪದವಿಯನ್ನು ಧಾರಾಳವಾಗಿ ಹಂಚಿದ್ದ. ದುಡ್ಡು ಕೊಟ್ಟು ದೊಡ್ಡವರಾದವರ ಮೇಲೆ ಇದು ಕುಟುಕು ಎಂದು ಓದುವವರಿದ್ದಾರೆ. ಆ ಓದು ಸರಿಯಿದ್ದರೆ ಧೈರ್ಯ ಮೆಚ್ಚಬೇಕು. 1606ರ ಡಿಸೆಂಬರ್ 26ರಂದು ಈ ನಾಟಕ ಆಡಿದ್ದೇ ಜೇಮ್ಸ್‌ನ ಎದುರಿಗೆ.

ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ಒಬ್ಬ ಮನುಷ್ಯ ಕಾಣಿಸುತ್ತಾನೆ. ಆಳಾಗಿದ್ದೂ ಯಜಮಾನನ ಹಾಗೆ ಮೆರೆಯುವವನು, ಹೊಳೆಯುವ ಬಟ್ಟೆ ಹಾಕಿದರೂ ಕಾಲುಚೀಲದಲ್ಲಿ ಸಿಕ್ಕಿಬೀಳುವವನು, ಯಜಮಾನಿ ಏನು ಹೇಳಿದರೂ ಸೈ ಅನ್ನುವವನು. ಇದನ್ನು ರೋಮಿಯೋಗೆ ಅನ್ನಲು ಬರುವುದಿಲ್ಲ. ಹ್ಯಾಮ್ಲೆಟ್‌ಗೂ ಅನ್ನಲು ಬರುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೆಂಟ್ ಇನ್ನೂ ಎರಡು ಏಟು ಕೊಡುತ್ತಾನೆ. ‘ಝಡ್ ಅಕ್ಷರ ನೀನು, ಬೇಕಿಲ್ಲದ ಅಕ್ಷರ!’ ಎನ್ನುವುದು ಒಂದು. ಇಂಗ್ಲಿಷಿನಲ್ಲಿ ಆ ಅಕ್ಷರದ ಕೆಲಸವನ್ನು ಎಸ್ ಅಕ್ಷರವೇ ಮಾಡಿ ಮುಗಿಸುತ್ತಿತ್ತು. ಇನ್ನೊಂದು, ‘ನಿನ್ನನ್ನು ಹುಟ್ಟಿಸಿದ್ದು ದರ್ಜಿ’ ಅನ್ನುವುದು. ದರ್ಜಿ ಮನುಷ್ಯನನ್ನು ಹುಟ್ಟಿಸುತ್ತಾನಾ ಎಂದು ಪಕ್ಕದಲ್ಲಿದ್ದ ರಾಜನ ಅಳಿಯ ಕಾರ್ನ್‌ವಾಲ್ ಕೇಳಿದರೆ, ಹೌದು, ಕಲ್ಲುಕುಟಿಗನೋ ಚಿತ್ರಗಾರನೋ ಆಗಿದ್ದರೆ, ಕಸುಬು ಹಿಡಿದು ಎರಡು ಗಂಟೆಯಾಗಿದ್ದರೂ ಇಷ್ಟು ಕೆಟ್ಟದಾಗಿ ಮಾಡುತ್ತಿರಲಿಲ್ಲ ಅನ್ನುತ್ತಾನೆ.

ಪಾಪ, ಆಸ್ವಾಲ್ಡ್ ನಡುವೆ ಒಂದು ಮಾತು ಹೇಳುತ್ತಾನೆ. ‘ಎಂಥಾ ರಾಕ್ಷಸನಯ್ಯ ನೀನು! ನನಗೆ ನೀನು ಗೊತ್ತಿಲ್ಲ, ನಿನಗೆ ನಾನು ಗೊತ್ತಿಲ್ಲ, ಹೀಗೆ ಬೈತಿದ್ದೀಯಲ್ಲ!’ ಇವತ್ತು ಮೊಬೈಲ್ ತೆರೆದು, ತನ್ನ ಫೋಟೋದ ಕೆಳಗೆ ಮುನ್ನೂರು ಬೈಗುಳ ನೋಡಿದವರೆಲ್ಲ ಕೇಳುವುದು ಇದೇ ಅಲ್ವಾ? ಆದರೆ ಕೆಂಟ್ ಹತ್ತಿರ ಉತ್ತರ ಇದೆ. ‘ಗೊತ್ತಿಲ್ಲ ಅಂತೀಯಾ? ಎರಡು ದಿನದ ಹಿಂದೆ ರಾಜನ ಮುಂದೆ ನಿನ್ನನ್ನು ಕೆಡವಿ ಬಡಿದದ್ದು ಮರೆತೆಯಾ?’ ಗೊತ್ತಿಲ್ಲದವನನ್ನು ಬೈಯುವುದು ತಪ್ಪು ಅನ್ನುವುದನ್ನು ಇಬ್ಬರೂ ಒಪ್ಪುತ್ತಾರೆ. ಜಗಳ ಇರುವುದು ಗೊತ್ತೋ ಇಲ್ಲವೋ ಅನ್ನುವುದರಲ್ಲಿ.

ಹಾಗಾದರೆ ಆ ಕಾಲದ ಜನ ಎಲ್ಲರೂ ಹೀಗೇ ಬೈಯುತ್ತಿದ್ದರಾ? ಖಂಡಿತ ಇಲ್ಲ. ಹಳೆಯ ಬೈಗುಳದ ಚಂದವನ್ನು ಹೊಗಳುವವರು ಎಡವುವುದು ಇಲ್ಲೇ. ಲಂಡನ್ನಿನ ಚರ್ಚ್ ಕೋರ್ಟುಗಳಲ್ಲಿ 16ನೇ ಶತಮಾನದ ಕೊನೆ ಮತ್ತು 17ನೇ ಶತಮಾನದ ಮೊದಲ ಭಾಗದ ಮಾನಹಾನಿ ದಾವೆಗಳ ಕಡತಗಳು ಉಳಿದಿವೆ. ಬೀದಿಯಲ್ಲಿ, ಹೊಸ್ತಿಲ ಮೇಲೆ ನಿಂತು ಯಾರು ಯಾರಿಗೆ ಏನಂದರು ಎಂದು ಸಾಕ್ಷಿಗಳು ಹೇಳಿದ್ದು ಅವುಗಳಲ್ಲಿ ಇದೆ. ದಾವೆ ಹಾಕಿದವರಲ್ಲಿ ಹೆಂಗಸರು ಜಾಸ್ತಿ. ಅವರ ಮೇಲೆ ಬಿದ್ದ ಮಾತು ಹೆಚ್ಚಾಗಿ ಒಂದೇ, ಸೂಳೆ. ಅದರ ಹಿಂದೆ ಮುಂದೆ ಒಂದೆರಡು ವಿಶೇಷಣ, ಅಷ್ಟೇ. ಕಳ್ಳ ಅಂದರೆ ಅದು ಅಪರಾಧದ ಆರೋಪವಾದ್ದರಿಂದ ಬೇರೆ ಕೋರ್ಟಿಗೆ ಹೋಗಬೇಕಿತ್ತು. ಶೇಕ್ಸ್‌ಪಿಯರ್ ಬದುಕಿದ್ದಾಗಲೇ, ಅವನ ನಾಟಕಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಜನ ಇವತ್ತಿನಷ್ಟೇ ಬೇಸರ ಹುಟ್ಟಿಸುವ ಹಾಗೆ ಬೈದಾಡುತ್ತಿದ್ದರು. ಹಾಗಾಗಿ ಅಂದಿನ ನಾಟಕವನ್ನು ಇಂದಿನ ಬೀದಿಯ ಪಕ್ಕ ಇಟ್ಟು ತೂಗುವುದು ನ್ಯಾಯವಲ್ಲ.

ರಂಗದ ಮೇಲಿನ ಬೈಗುಳ ಬೇರೆ ಆದದ್ದಕ್ಕೆ ಕಾರಣಗಳಿವೆ. ಬೈಯುವವನು ಇಬ್ಬರಿಗೆ ಬೈಯುತ್ತಾನೆ. ಎದುರಿಗಿರುವ ಪಾತ್ರ ಒಂದು, ಕಾಸು ಕೊಟ್ಟು ಬಂದ ಜನ ಇನ್ನೊಂದು. ಎದುರಿನವನಿಗೆ ನೋವಾದರೆ ಸಾಕು. ಜನಕ್ಕೆ ಅಷ್ಟು ಸಾಲದು, ಹೊಸದೇನಾದರೂ ಕೇಳಿಸಬೇಕು. ತಾಳಮದ್ದಳೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಎದುರಾಳಿಯ ಕುಟುಕಿಗೆ ಅರ್ಥಧಾರಿ ಯಾವ ಉತ್ತರ ಕೊಡುತ್ತಾನೆ ಎಂದೇ ಜನ ಕಾದು ಕೂತಿರುತ್ತಾರೆ. ಎರಡನೆಯ ಕಾರಣ ಶಾಲೆ. ಆಗಿನ ಹುಡುಗರಿಗೆ ಲ್ಯಾಟಿನ್ ಪಾಠದಲ್ಲಿ ಒಂದೇ ಮಾತನ್ನು ಹತ್ತಾರು ಥರ ಹೇಳುವ ಅಭ್ಯಾಸ ಮಾಡಿಸುತ್ತಿದ್ದರು. ಇದಕ್ಕೆಂದೇ ಎರಾಸ್ಮಸ್ ಎಂಬ ವಿದ್ವಾಂಸ 1512ರಲ್ಲಿ ಬರೆದ ಪುಸ್ತಕದಲ್ಲಿ, ‘ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು’ ಎನ್ನುವುದನ್ನು ನೂರಕ್ಕೂ ಹೆಚ್ಚು ಬಗೆಯಲ್ಲಿ ಹೇಳಿ ತೋರಿಸಿದ್ದಾನೆ. ಸಂತೋಷದ ಜಾಗದಲ್ಲಿ ಸಿಟ್ಟನ್ನು ಇಡಿ, ಕೆಂಟ್ ಸಿಗುತ್ತಾನೆ.

ಮೂರನೆಯದು ಕಾನೂನು. ಆಗ ನಿಜವಾಗಿ ಕೆಟ್ಟದ್ದು ಅನಿಸುತ್ತಿದ್ದ ಮಾತು ಮೈಗೆ ಸಂಬಂಧಪಟ್ಟದ್ದಲ್ಲ, ದೇವರಿಗೆ ಸಂಬಂಧಪಟ್ಟದ್ದು. ದೇವರ ರಕ್ತದಾಣೆ, ದೇವರ ಗಾಯದಾಣೆ ಎಂಬಂಥ ಆಣೆಗಳು. 1606ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ತಂದಿತು. ನಾಟಕದಲ್ಲಿ ದೇವರ ಅಥವಾ ಕ್ರಿಸ್ತನ ಹೆಸರನ್ನು ತಮಾಷೆಗೆ, ಹಗುರವಾಗಿ ಆಡಿದರೆ ಪ್ರತಿ ಸಲಕ್ಕೂ 10 ಪೌಂಡ್ ದಂಡ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ‘ಒಥೆಲೋ’ ನಾಟಕದ 1622ರ ಮುದ್ರಣವನ್ನೂ 1623ರ ಸಮಗ್ರ ಸಂಪುಟವನ್ನೂ ಪಕ್ಕಪಕ್ಕ ಇಟ್ಟರೆ ಇದರ ಗುರುತು ಸಿಗುತ್ತದೆ. ಮೊದಲನೆಯದರಲ್ಲಿ ನಾಟಕದ ಖಳ ಇಯಾಗೋನ ಮೊದಲ ಮಾತೇ ಒಂದು ಆಣೆಯಿಂದ ಶುರುವಾಗುತ್ತದೆ. ಎರಡನೆಯದರಲ್ಲಿ ಆ ಆಣೆ ಮಾಯ. ಸುಲಭದ ಕೆಟ್ಟ ಮಾತಿಗೆ ದಂಡ ಬಿದ್ದರೆ ಬರೆಯುವವನು ಕಾಲುಚೀಲ, ಪೆಟ್ಟಿಗೆ, ದರ್ಜಿಯ ಕಡೆ ತಿರುಗುತ್ತಾನೆ. ಹಾಗಂತ ಕಾಯ್ದೆಯಿಂದಲೇ ಈ ಕಲೆ ಹುಟ್ಟಿತು ಅನ್ನಲಾಗದು. ಅದಕ್ಕೂ ಹತ್ತು ವರ್ಷ ಹಿಂದೆಯೇ ಶೇಕ್ಸ್‌ಪಿಯರ್ ಇದರಲ್ಲಿ ಪಳಗಿದ್ದ.

ಪಳಗಿದ್ದಕ್ಕೆ ಪುರಾವೆ ‘ನಾಲ್ಕನೇ ಹೆನ್ರಿ’ ನಾಟಕದ ಮೊದಲ ಭಾಗ. ಹೆಂಡದಂಗಡಿಯಲ್ಲಿ ಯುವರಾಜ ಹಾಲ್ ಮತ್ತು ಅವನ ಮುದಿ ಗೆಳೆಯ ಫಾಲ್‌ಸ್ಟಾಫ್ ಕೂತಿದ್ದಾರೆ. ಒಬ್ಬ ಕಡ್ಡಿ, ಒಬ್ಬ ಗುಡಾಣ. ಹಾಲ್ ಅವನನ್ನು ಹಾಸಿಗೆ ಅಪ್ಪಚ್ಚಿ ಮಾಡುವವನು, ಕುದುರೆಯ ಬೆನ್ನು ಮುರಿಯುವವನು, ಮಾಂಸದ ಗುಡ್ಡ ಅನ್ನುತ್ತಾನೆ. ಫಾಲ್‌ಸ್ಟಾಫ್ ತಿರುಗಿಸಿ ಕೊಡುತ್ತಾನೆ. ಹಸಿದು ಸತ್ತವನೇ, ಒಣಗಿದ ಎತ್ತಿನ ನಾಲಗೆಯೇ, ಒಣಮೀನೇ, ದರ್ಜಿಯ ಅಳತೆಕೋಲೇ, ಒರೆಯೇ, ಬಿಲ್ಲಿನ ಚೀಲವೇ! ಎಲ್ಲವೂ ಉದ್ದಕ್ಕೆ, ತೆಳ್ಳಗೆ, ಒಣಕಲಾಗಿರುವ ಸಾಮಾನುಗಳು. ನಿನಗೆ ಹೋಲುವುದನ್ನೆಲ್ಲ ಹೇಳಲು ಉಸಿರು ಸಾಲದಲ್ಲಾ ಎಂದು ಗೋಳಾಡುತ್ತಾನೆ. ಆಗ ಹಾಲ್ ಹೇಳುವ ಮಾತು ನೋಡಿ. ಸ್ವಲ್ಪ ಉಸಿರೆಳೆದುಕೋ, ಮತ್ತೆ ಶುರು ಮಾಡು, ಸುಸ್ತಾದ ಮೇಲೆ ನನ್ನ ಒಂದು ಮಾತು ಕೇಳು.

ಬೈಗುಳದ ನಡುವೆ ಎದುರಾಳಿಗೆ ಉಸಿರೆಳೆದುಕೊಳ್ಳಲು ಬಿಡುವುದು, ಸರದಿ ಕಾಯುವುದು, ಒಬ್ಬರ ಮುಖ ಒಬ್ಬರು ನೋಡುತ್ತಿರುವುದು, ಇವೇ ಆ ಆಟದ ನಿಯಮಗಳು. ಮುರಿದರೆ ಬೆಲೆಯೂ ಇದೆ. ಕೆಂಟ್ ಅಷ್ಟು ಬೈದದ್ದಕ್ಕೆ ಅವನ ಕಾಲನ್ನು ಮರದ ಹಲಗೆಗಳ ತೂತಿಗೆ ಸಿಕ್ಕಿಸಿ ಮನೆಯ ಮುಂದೆ ಕೂರಿಸುತ್ತಾರೆ. ರಾತ್ರಿಯೆಲ್ಲ ಹಾಗೇ ಇರುತ್ತಾನೆ.

ಇಷ್ಟು ಹೇಳಿ ನಿಲ್ಲಿಸಿದರೆ ಹಳೆಯದೆಲ್ಲ ಕಲೆ, ಹೊಸದೆಲ್ಲ ಹೊಲಸು ಅಂದ ಹಾಗಾಗುತ್ತದೆ. ಹಾಗಲ್ಲ. ಕೆಂಟ್‌ನ ಮಾತಿನಲ್ಲೇ ಸೂಳೆಗೆ ಹುಟ್ಟಿದವನು ಇದೆ, ತಾಯಿಯನ್ನು ನಾಯಿ ಮಾಡಿದ್ದೂ ಇದೆ. ಅವನ ಕುಟುಕಿನಲ್ಲಿ ಅರ್ಧಕ್ಕರ್ಧ ಬಡವರ ಮೇಲಿನ ತಾತ್ಸಾರ. ಉಣ್ಣೆ ಕಾಲುಚೀಲ ಹಾಕುವುದು ಯಾವ ಪಾಪ? ಇದಕ್ಕಿಂತ ದೊಡ್ಡ ಸಮಸ್ಯೆ ಇಯಾಗೋ.

‘ಒಥೆಲೋ’ ಶುರುವಾಗುವುದು ವೆನಿಸ್ ನಗರದ ಒಂದು ಕತ್ತಲ ಬೀದಿಯಲ್ಲಿ. ಮುದುಕ ಬ್ರಬಾನ್ಷಿಯೋನ ಮಗಳು ಕಪ್ಪು ಸೇನಾಪತಿ ಒಥೆಲೋನನ್ನು ಗುಟ್ಟಾಗಿ ಮದುವೆಯಾಗಿದ್ದಾಳೆ. ಇಯಾಗೋ, ಅವನ ಜೊತೆಗಾರ ರೊಡ್ರಿಗೋ ಇಬ್ಬರೂ ಮುದುಕನ ಕಿಟಕಿಯ ಕೆಳಗೆ ನಿಂತು ಕೂಗುತ್ತಾರೆ. ಮುದಿ ಕಪ್ಪು ಟಗರು ನಿನ್ನ ಬಿಳಿ ಕುರಿಯ ಮೇಲೇರಿದೆ ಅನ್ನುತ್ತಾನೆ ಇಯಾಗೋ. ಉತ್ತರ ಆಫ್ರಿಕದ ಬಾರ್ಬರಿ ಕುದುರೆ ನಿನ್ನ ಮಗಳನ್ನು ಕೂಡಿದೆ, ಮೊಮ್ಮಕ್ಕಳು ಕೆನೆಯುತ್ತವೆ. ಎರಡು ಬೆನ್ನಿನ ಮೃಗ. ಹೊಸತನದ ವಿಷಯಕ್ಕೆ ಬಂದರೆ ಈ ಮಾತುಗಳು ಕೆಂಟ್‌ಗೇನೂ ಕಡಿಮೆಯಿಲ್ಲ. ನಾಲ್ಕು ನೂರು ವರ್ಷವಾದರೂ ಮೈ ಜುಂ ಅನ್ನುತ್ತದೆ.

ಆದರೆ ಈ ದೃಶ್ಯದಲ್ಲಿ ಎರಡು ವಿಷಯ ನೋಡಬೇಕು. ಯಾರಯ್ಯಾ ಇಷ್ಟು ಹೊಲಸು ಮಾತಾಡುವವನು ಎಂದು ಮುದುಕ ಕೇಳುತ್ತಾನೆ. ರೊಡ್ರಿಗೋ ತನ್ನ ಹೆಸರು ಹೇಳಿಕೊಂಡಿದ್ದಾನೆ. ಇಯಾಗೋ ಹೇಳುವುದೇ ಇಲ್ಲ. ನಾನು ಸುದ್ದಿ ಹೇಳಲು ಬಂದವನು ಎಂದು ಜಾರಿಕೊಂಡು, ಮುದುಕ ಕೆಳಗೆ ಇಳಿದು ಬರುವಷ್ಟರಲ್ಲಿ ಜಾಗ ಖಾಲಿ ಮಾಡಿರುತ್ತಾನೆ. ಇನ್ನೊಂದು, ಇಡೀ ದೃಶ್ಯದಲ್ಲಿ ಒಥೆಲೋ ಅನ್ನುವ ಹೆಸರು ಒಂದು ಸಲವೂ ಬರುವುದಿಲ್ಲ. ಆಫ್ರಿಕದವನು ಅನ್ನುವ ಅರ್ಥದ ‘ಮೂರ್’, ದಪ್ಪತುಟಿ, ಟಗರು, ಕುದುರೆ ಎಲ್ಲ ಬರುತ್ತದೆ, ಹೆಸರು ಮಾತ್ರ ಇಲ್ಲ. ನಾವು ಆ ಹೆಸರನ್ನು ಮೊದಲು ಕೇಳುವುದು ಮೂರನೇ ದೃಶ್ಯದಲ್ಲಿ, ‘ವೀರ ಒಥೆಲೋ’ ಎಂದು ದೊರೆ ಕರೆದಾಗ. ಕೆಂಟ್‌ನ ಬೈಗುಳ ಕೇಳುತ್ತಾ ಹೋದ ಹಾಗೆ ಆಸ್ವಾಲ್ಡ್ ಸ್ಪಷ್ಟವಾಗುತ್ತಾ ಬರುತ್ತಾನೆ. ಇಯಾಗೋನ ಬೈಗುಳ ಕೇಳಿದ ಹಾಗೆಲ್ಲ ಒಥೆಲೋ ಅಳಿಸಿಹೋಗುತ್ತಾನೆ, ಚರ್ಮ ಒಂದು ಉಳಿಯುತ್ತದೆ.

ಇವತ್ತಿನ ಬೈಗುಳದಲ್ಲಿ ಇಯಾಗೋನ ದಾರಿಯೇ ಹೆಚ್ಚು, ಅವನ ನಾಲಗೆಯ ಚುರುಕು ಮಾತ್ರ ಇಲ್ಲ. ಹೆಸರಿಲ್ಲದ ಖಾತೆ. ಎದುರಿಗೆ ಮುಖವಿಲ್ಲ. ಬೈಸಿಕೊಂಡವಳಿಗೆ ಉತ್ತರ ಕೊಡುವ ಸರದಿಯೂ ಇಲ್ಲ, ಯಾಕೆಂದರೆ ಬೈಯುವವರು ಒಬ್ಬರಲ್ಲ, ಸಾವಿರ ಜನ. ಮಾತುಗಳನ್ನು ನೋಡಿದರೆ ತಾಯಿ, ಹೆಂಡತಿ, ಜಾತಿ, ಗಂಡಸುತನ, ಮೈಬಣ್ಣ, ಇಷ್ಟರಲ್ಲೇ ಸುತ್ತುತ್ತಿರುತ್ತವೆ. ನಿನ್ನೆ ಒಬ್ಬ ನಟಿಗೆ ಹಾಕಿದ್ದನ್ನೇ ಇವತ್ತು ಒಬ್ಬ ಪತ್ರಕರ್ತೆಗೆ ಹಾಕಬಹುದು, ಒಂದಕ್ಷರ ಬದಲಿಸಬೇಕಿಲ್ಲ. ಬೈಗುಳ ಯಾವ ಜಾತಿಯದು ಎಂದು ತಿಳಿಯಲು ಇದೇ ಸುಲಭದ ಪರೀಕ್ಷೆ. ಅದರಲ್ಲಿರುವ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿ ನೋಡಿ. ಹಾಗೇ ಹೊಂದಿಕೊಂಡರೆ ಬೈದವನಿಗೆ ಆ ಮನುಷ್ಯನ ಬಗ್ಗೆ ಏನೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ.

ಯಾವುದು ಹೆಚ್ಚು ನೋಯಿಸುತ್ತದೆ ಅನ್ನುವುದಕ್ಕೆ ಶೇಕ್ಸ್‌ಪಿಯರ್‌ನಲ್ಲೇ ಉತ್ತರವಿದೆ. ಆಸ್ವಾಲ್ಡ್ ಅಷ್ಟೆಲ್ಲ ಬೈಸಿಕೊಂಡೂ ಮುಂದಿನ ಅಂಕಗಳಲ್ಲಿ ಯಜಮಾನಿಯ ಕಾಗದ ಹೊತ್ತು ಆರಾಮಾಗಿ ತಿರುಗುತ್ತಾನೆ. ಕಾಲುಚೀಲದ ಮಾತು ಅವನಿಗೆ ನಾಟಿದ ಹಾಗೆ ಕಾಣುವುದಿಲ್ಲ. ಇಯಾಗೋನ ಮಾತು ಹಾಗಲ್ಲ. ಒಥೆಲೋನನ್ನು ಎಷ್ಟೋ ಸಲ ಮನೆಗೆ ಕರೆದು ಅವನ ಕಥೆ ಕೇಳಿದ್ದ ಬ್ರಬಾನ್ಷಿಯೋ, ಎರಡನೇ ದೃಶ್ಯದಲ್ಲಿ ಅವನ ಎದುರಿಗೇ ನಿಂತು ಮಸಿ ಹಿಡಿದ ಎದೆಯವನು ಅನ್ನುತ್ತಾನೆ. ಕಿಟಕಿಯ ಕೆಳಗೆ ಕೇಳಿಸಿದ್ದು ಒಂದೇ ರಾತ್ರಿಯಲ್ಲಿ ಅವನ ಬಾಯಿಗೂ ಬಂತು. ಒಥೆಲೋ ಆಗ ತಲೆ ಕೆಡಿಸಿಕೊಳ್ಳುವುದಿಲ್ಲ. ಸುತ್ತ ಕತ್ತಿ ಹಿರಿದವರಿಗೆ, ಒರೆಗೆ ಹಾಕಿ, ಇಬ್ಬನಿಗೆ ತುಕ್ಕು ಹಿಡಿದಾವು ಅನ್ನುತ್ತಾನೆ. ಮೂರನೇ ಅಂಕದ ಹೊತ್ತಿಗೆ, ಹೆಂಡತಿಯ ಮೇಲೆ ಅನುಮಾನ ಹೊಕ್ಕಿದೆ. ಒಬ್ಬನೇ ನಿಂತು, ಅವಳು ಯಾಕೆ ಬಿಟ್ಟು ಹೋಗಿರಬಹುದು ಎಂದು ಕಾರಣ ಹುಡುಕುತ್ತಾನೆ. ಅವನಿಗೆ ಮೊದಲು ಹೊಳೆಯುವ ಕಾರಣ, ‘ನಾನು ಕಪ್ಪು, ಅದಕ್ಕಿರಬೇಕು.’